ರೂಮು ಸರಿ, ಕೆಲಸ ತಪ್ಪು

ಎಂಬತ್ತರ ದಶಕದ ಕೊನೆಗೆ ಮಂಗಳೂರಿನ ಕೊಡಿಯಾಲ್‌ಬೈಲಿನ ಒಂದು ಮಹಡಿಯ ಮೇಲೆ ನಾವು ಮೂವರು ಸಿ ಪ್ಲಸ್ ಪ್ಲಸ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯುತ್ತಿದ್ದೆವು: ಮ್ಯಾನೇಜರ್, ನಾನು, ಮತ್ತು ಬಂದರಿನ ಕಡೆಯ ವ್ಯಾಪಾರಿ ಮನೆತನದ ಬ್ಯಾರಿ ಹುಡುಗ. ಗಲ್ಫಿಗೆ ಹೋಗು ಎಂದು ಮನೆಯವರೆಲ್ಲ ಹೇಳಿದರೂ ಅವನು ಹಟ ಹಿಡಿದು ಈ ಕೆಲಸಕ್ಕೆ ಬಂದಿದ್ದ.

ಹಂಪನಕಟ್ಟೆಯ ಲಾಡ್ಜೊಂದಕ್ಕೆ ಪ್ರೋಗ್ರಾಮ್ ಮಾಡುತ್ತಿದ್ದೆವು. ಎಲ್ಲ ರೂಮುಗಳಿಗೂ ಮೂಲವಾದ 'ರೂಮು' ಎಂಬ ಬೇಸ್ ಕ್ಲಾಸ್ ನನ್ನದು, ಅದರಿಂದ ಹುಟ್ಟಿದ 'ಎಸಿ ರೂಮು' ಅವನದು. ಕೀ ಒತ್ತಿಸಿಕೊಳ್ಳುವ ಕೌಂಟರ್ ಫೈಲೂ ನನ್ನದೇ. ಎದುರಿಗಿರುವುದು ಯಾವ ಜಾತಿಯ ರೂಮೆಂದು ಕೌಂಟರಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಪ್ರತಿ ರೂಮೂ ತನ್ನ ಕ್ಲಾಸಿನ ಕೆಲಸಗಳ ಪಟ್ಟಿಯ ವಿಳಾಸವನ್ನು ಗುಟ್ಟಾಗಿ ಇಟ್ಟುಕೊಂಡಿರುತ್ತದೆ. 'ನಿನ್ನ ಪಟ್ಟಿಯ ಮೊದಲ ಮನೆಯಲ್ಲಿರುವುದನ್ನು ನಡೆಸು' ಎಂದರೆ ಸಾಕು, ಎಸಿ ರೂಮಾದರೆ ಎಸಿಯ 'ಕೊಡು' ನಡೆಯುತ್ತದೆ. ಎರಡನೆಯ ಮನೆ 'ಖಾಲಿಮಾಡು'.

ಡೆಮೊದ ಹಿಂದಿನ ದಿನ ನನಗೆ ಶಿಸ್ತಿನ ಹುಚ್ಚು ಹಿಡಿಯಿತು. ರೂಮು ಕೊಡುವ ಮೊದಲು ಗುಡಿಸಬೇಕಲ್ಲವೇ ಎಂದು 'ಗುಡಿಸು' ಎಂಬ ಹೊಸ ವರ್ಚುವಲ್ ಫಂಕ್ಷನ್ನನ್ನು, ಎಂದರೆ ಆ ಪಟ್ಟಿಗೆ ಸೇರುವ ಇನ್ನೊಂದು ಕೆಲಸವನ್ನು, ಎಲ್ಲಕ್ಕಿಂತ ಮೇಲೆ ಬರೆದೆ. ರೂಮಿನ ಫೈಲುಗಳನ್ನು ಮಾತ್ರ ಮತ್ತೆ ಕಂಪೈಲ್ ಮಾಡಿ ಯಂತ್ರದ ಭಾಷೆಗೆ ಇಳಿಸಿದೆವು.

"ಎಲ್ಲ ಒಮ್ಮೆ ಕಂಪೈಲ್ ಮಾಡುವ ಮಾರಾಯ," ಎಂದ ಹುಡುಗ.

"ಕೌಂಟರ್ ಮುಟ್ಟಲೇ ಇಲ್ಲ, ಎಂತಕ್ಕೆ?" ಎಂದೆ ನಾನು. ಮುಟ್ಟದ ಫೈಲನ್ನು ಕಂಪೈಲ್ ಮಾಡಬಾರದೆನ್ನುವುದು ನಮ್ಮ ಆಫೀಸಿನ ಮಡಿ. ಕಂಪೈಲಿಗೆ ಬಹಳ ಹೊತ್ತು ಹಿಡಿಯುತ್ತಿತ್ತು, ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಕಾಲ ಅದು.

ಮರುದಿನ ಲಾಡ್ಜಿನಲ್ಲಿ ಅಲ್ಲಿನ ಧಣಿಗಳು ತಾವೇ ಕೀ ಒತ್ತಿದರು. 'ಕೊಡು' ಎಂದರೆ 'ಎಸಿ ರೂಮು ಗುಡಿಸಲಾಗಿದೆ' ಎಂದು ಬಂತು. 'ಖಾಲಿಮಾಡು' ಎಂದರೆ 'ಎಸಿ ರೂಮು ಕೊಡಲಾಗಿದೆ'.

"ಇದೆಂತ ಮಾರಾಯ್ರೆ, ಹೋಗುವವರನ್ನು ಒಳಗೆ ಹಾಕ್ತದೆ!" ಎಂದು ನಕ್ಕರು ಧಣಿಗಳು. ಮ್ಯಾನೇಜರ್ ನಗಲಿಲ್ಲ. ಪರದೆಯ ಮೇಲೆ ಎಸಿ ಎಂದಿದೆ, ಎಸಿ ಬರೆದವನು ಯಾರು? ಅಲ್ಲಿಗೆ ಅವರ ತನಿಖೆ ಮುಗಿಯಿತು. ಸೋಮವಾರದಿಂದ ಬರುವುದು ಬೇಡವೆಂದು ಹುಡುಗನಿಗೆ ಧಣಿಗಳ ಎದುರೇ ಹೇಳಿದರು.

"ನನ್ನ ಫೈಲಿನಲ್ಲಿ ತಪ್ಪಿಲ್ಲ ಸರ್," ಎಂದು ಅವನು ನನ್ನ ಮುಖ ನೋಡಿದ. ನಾನು ಕೀಬೋರ್ಡು ನೋಡಿದೆ.

ಆಫೀಸಿಗೆ ಬಂದು ಕೂತಾಗ ಹೊಳೆಯಿತು. ಹೊಸ ಪಟ್ಟಿಯಲ್ಲಿ ಎಲ್ಲವೂ ಒಂದೊಂದು ಮನೆ ಕೆಳಗೆ ಜಾರಿತ್ತು. ಮತ್ತೆ ಕಂಪೈಲ್ ಆಗದ ಕೌಂಟರ್ ಮಾತ್ರ 'ಕೊಡು' ಎಂದರೆ ಮೊದಲ ಮನೆ ಎಂಬ ಹಳೆಯ ನಂಬರನ್ನೇ ಹಿಡಿದು ಕೂತಿತ್ತು. ಪಟ್ಟಿ ಸರಿಯಾದ ರೂಮಿನದೇ, ನಡೆದ ಕೆಲಸ ಮಾತ್ರ ಬೇರೆ. ಕೌಂಟರನ್ನು ಮತ್ತೆ ಕಂಪೈಲ್ ಮಾಡಿದೆ. ಒಂದಕ್ಷರ ತಿದ್ದದೆ ಎಲ್ಲವೂ ಸರಿಹೋಯಿತು.

ಮ್ಯಾನೇಜರ್ ಬಂದು ನೋಡಿದರು. "ಕಂಡ್ರಾ? ಅವನು ಹೋದದ್ದೇ ಹೋದದ್ದು, ಸರಿ ಆಯ್ತು."

ನಿಜ ಹೇಳಲು ಬಾಯಿ ತೆರೆದೆ. "ಹೌದು ಸರ್," ಎಂದೆ. ಇಂದಿಗೂ ಆ ಎರಡು ಪದಗಳಿಗೆ ನನಗೆ ನಾಚಿಕೆಯಾಗುತ್ತದೆ. ಮುಂದಿನ ತಿಂಗಳು ಅವನು ದುಬೈಗೆ ಹೋದ. ಎಸಿ ರೂಮಿನ ಫೈಲಿನ ಮೇಲೆ ಅವನ ಹೆಸರು ಅಳಿಸಿ ನನ್ನ ಹೆಸರು ಬರೆಯಲು ಮ್ಯಾನೇಜರ್ ಹೇಳಿದರು, ಬರೆದೆ.