ಬದುವಿನ ಒಂದೆಲಗ

ನಮ್ಮ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ, ಒಂದೆಲಗದ ಮೂರು ಟಬ್ಬುಗಳಿವೆ. ಕೆ.ಆರ್. ಪುರದ ನಮ್ಮ ಬೀದಿಯಲ್ಲಿ ಯಾರಿಗೆ ಮೊಣಕಾಲು ತರಚಿದರೂ, ಮೈ ಮೇಲೆ ಕಜ್ಜಿ ಎದ್ದರೂ ನಮ್ಮ ಬಾಗಿಲಿಗೇ ಬರುತ್ತಿದ್ದರು. ಬಂದವರಿಗೆ ಸೊಪ್ಪಿನ ಜೊತೆ ಪಾಠವೂ ಬಿಟ್ಟಿ. ಗಂಟಿನಲ್ಲಿ ಬೇರು ಬಿಟ್ಟ ಬಳ್ಳಿಯ ತುಂಡು ಒಂದಿದ್ದರೆ ಸಾಕು, ಅಗಲವಾದ ಟಬ್ಬಿನಲ್ಲಿ ನೆಡಿ, ಮಣ್ಣು ಒಣಗಲು ಬಿಡಬೇಡಿ, ಎಲೆಯನ್ನು ತೊಟ್ಟಿನ ಸಮೇತ ಚಿವುಟಿ, ಬಳ್ಳಿ ಕೀಳಬೇಡಿ. ತೊಟ್ಟು ಎಲೆಯ ನಟ್ಟನಡುವೆ ಅಂಟಿಕೊಂಡಿದ್ದರೆ ಅದು ಬೇರೆ ಗಿಡ. ಒಂದೆಲಗಕ್ಕೆ ತೊಟ್ಟು ಸೇರುವ ಕಡೆ ಎಲೆ ಒಳಕ್ಕೆ ಸೀಳಿರುತ್ತದೆ. ಕೇಳದಿದ್ದರೂ ಹೇಳುತ್ತಿದ್ದೆ. ನನಗೆ ಅಷ್ಟು ಜಂಭ.

ಕೆಳಗಿನ ಮನೆಯಲ್ಲಿ ನಮ್ಮಣ್ಣ ಇದ್ದಾನೆ. ಅತ್ತಿಗೆ ತೀರಿಹೋದ ಮೇಲೆ ಅವನ ಊಟ, ಮಾತ್ರೆ ಎಲ್ಲ ನನ್ನದೇ. ಹಳೇ ಸಕ್ಕರೆ ಕಾಯಿಲೆ, ಪಾದಗಳಲ್ಲಿ ಸ್ಪರ್ಶವೇ ಇಲ್ಲ. ಶಿವಾಜಿನಗರದಲ್ಲಿ ಕೊಂಡ ಹೊಸ ಚಪ್ಪಲಿ ಹೆಬ್ಬೆರಳ ಬುಡವನ್ನು ಕಚ್ಚಿ ಹುಣ್ಣು ಮಾಡಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಚಪ್ಪಲಿ ಒರೆಸುವಾಗ ರಕ್ತ ಕಂಡವಳು ನಾನು.

ಇಂದಿರಾನಗರದ ಡಾಕ್ಟರಮ್ಮ ನೋಡಿ, ಬರೆದುಕೊಡುವ ಮೊದಲೇ ಹೇಳಿದರು: "ತೆರೆದ ಗಾಯ ಇದು. ಸಲೈನಲ್ಲಿ ತೊಳೆದು ದಿನಾ ಡ್ರೆಸ್ಸಿಂಗ್ ಮಾಡ್ಸಿ. ಸೊಪ್ಪು ಗಿಪ್ಪು ಅರೆದು ಹಚ್ಬೇಡಿ." ನಾನು ತಲೆಯಾಡಿಸಿದೆ. ಮೆಟ್ಟಿಲಿಳಿಯುತ್ತ, ನಿನ್ನೆ ಮೊನ್ನೆ ಓದಿ ಬಂದವಳು ನನಗೆ ಹೇಳಿಕೊಡುತ್ತಾಳೆ ಅಂತ ಮನಸ್ಸಿನಲ್ಲೇ ಬೈದುಕೊಂಡೆ.

ಅದು ಏಪ್ರಿಲ್. ಬೋರಿನಲ್ಲಿ ನೀರು ಬತ್ತಿ ಟಬ್ಬುಗಳಲ್ಲಿ ಒಣಗಿದ ಬಳ್ಳಿ ಮಾತ್ರ ಉಳಿದಿತ್ತು. ನನಗೆ ನಮ್ಮ ಹಳೇ ಗದ್ದೆಯ ಬದು ನೆನಪಾಯಿತು. ಗದ್ದೆ ಲೇಔಟಾದರೂ ಕಾಲುವೆ ಪಕ್ಕದಲ್ಲಿ ಬದುವಿನ ಒಂದು ತುಂಡು ಹಾಗೇ ಉಳಿದಿದೆ. ಅಮ್ಮ ಅಲ್ಲಿಂದಲೇ ಒಂದೆಲಗ ತಂದು ತಂಬುಳಿ ಮಾಡುತ್ತಿದ್ದಳು. ಟಬ್ಬುಗಳಿಗೆ ಮೊದಲ ಬಳ್ಳಿ ಬಂದದ್ದೂ ಅಲ್ಲಿಂದಲೇ. ಹೋಗಿ ನೋಡಿದರೆ ಅಂಗೈಯಗಲದ ಎಲೆಗಳು, ಕಪ್ಪು ಹಸಿರು. ಕಾಲುವೆಯಲ್ಲಿ ಈಗ ಹರಿಯುವುದು ಅಪಾರ್ಟ್‌ಮೆಂಟುಗಳ ಕೊಳಚೆ. ಮೂಗಿಗೆ ಸೆರಗು ಹಿಡಿದೇ ಕೊಯ್ದೆ. ವಾಸನೆ ನೀರಿನದು, ಬದು ನಮ್ಮದಲ್ಲವೇ ಅನ್ನಿಸಿತು. ಅದೇ ನೀರು ಕುಡಿದು ಸೊಪ್ಪು ಅಷ್ಟು ಕೊಬ್ಬಿದೆ ಅಂತ ಗೊತ್ತಿದ್ದೂ ಅದರ ಬಗ್ಗೆ ಯೋಚಿಸಲು ಹೋಗಲಿಲ್ಲ.

ಕೊಡದ ನೀರಲ್ಲಿ ಎರಡು ಸಲ ಜಾಲಾಡಿಸಿ, ಒರಳಲ್ಲಿ ಅರೆದು, ಬ್ಯಾಂಡೇಜ್ ಬಿಚ್ಚಿ ಹಚ್ಚಿದೆ. ಹೀಗೆ ಮೂರು ದಿನ. ಅಣ್ಣ "ತಣ್ಣಗಿದೆ ಕಣಮ್ಮ" ಅಂದ. ಅವನ ಪಾದಕ್ಕೆ ತಣ್ಣಗೂ ಗೊತ್ತಾಗುವುದಿಲ್ಲ. ನನ್ನ ಸಂತೋಷಕ್ಕೆ ಅಂದದ್ದು.

ನಾಲ್ಕನೆಯ ದಿನ ಜ್ವರ. ಪಾದ ಊದಿ ಬೆರಳು ಕಪ್ಪಗಾಗಿತ್ತು. ಆಸ್ಪತ್ರೆಯಲ್ಲಿ ಗಾಯಕ್ಕೆ ಏನು ಹಚ್ಚಿದಿರಿ ಎಂದು ಕೇಳಿದಾಗ ಒಂದೆಲಗದ ಸೊಪ್ಪು ಅಂದೆ, ಎಲ್ಲಿಯದು ಅನ್ನಲಿಲ್ಲ. ಮೊದಲು ಬೆರಳುಗಳು ಹೋದವು. ಹತ್ತು ದಿನದ ಮೇಲೆ ಮೊಣಕಾಲ ಕೆಳಗಿನದೆಲ್ಲ ಹೋಯಿತು. ಸೊಪ್ಪು ಹಚ್ಚದಿದ್ದರೆ ಕಾಲು ಉಳಿಯುತ್ತಿತ್ತೇ? ಖಂಡಿತ ಅಂತ ಯಾರೂ ಹೇಳಲಿಲ್ಲ. ಇಲ್ಲ ಅಂತಲೂ ಹೇಳಲಿಲ್ಲ. ನನಗೆ ಮಾತ್ರ ಅನುಮಾನವಿಲ್ಲ.

ಅಣ್ಣ ಎಲ್ಲರಿಗೂ ಚಪ್ಪಲಿಯನ್ನೇ ದೂರಿದ. ನಾನು ಸುಮ್ಮನಿದ್ದೆ. ಆ ಸುಮ್ಮನಿರುವಿಕೆಗೆ ಕ್ಷಮೆಯಿಲ್ಲ.

ತಿಂಗಳುಗಳ ಮೇಲೆ, ಕಾಲು ಕತ್ತರಿಸಿದ ಕಡೆ ಗಾಯ ಪೂರ್ತಿ ಮುಚ್ಚಿ ಕಲೆ ಬಿಗಿಯುತ್ತಿದ್ದಾಗ ಡಾಕ್ಟರಮ್ಮ ಒಂದು ಮುಲಾಮಿನ ಟ್ಯೂಬ್ ಕೊಟ್ಟರು. ಮೊದಲು ತೋಳಿಗೆ ಸ್ವಲ್ಪ ಹಚ್ಚಿ, ತುರಿಕೆ ಬರದಿದ್ದರೆ ಕಲೆಗೆ ಹಚ್ಚಿ ಅಂದರು. ಟ್ಯೂಬಿನ ಮೇಲೆ ಸೊಪ್ಪಿನ ಚಿತ್ರ ಕಂಡು ಅದನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ. "ಹೌದು, ನಿಮ್ಮ ಒಂದೆಲಗದ ಸಾರವೇ. ಶುದ್ಧ ಮಾಡಿರ್ತಾರೆ. ಮುಚ್ಚಿದ ಗಾಯಕ್ಕೆ ಪರವಾಗಿಲ್ಲ," ಅಂದರು.

ಮನೆಗೆ ಬಂದು ಹಚ್ಚಲು ಕೂತರೆ ಅಣ್ಣ ಟ್ಯೂಬನ್ನು ಪಕ್ಕಕ್ಕೆ ತಳ್ಳಿದ.

"ಇದ್ಯಾಕಮ್ಮ? ನಿನ್ನ ಟಬ್ಬಿನ ಸೊಪ್ಪಲ್ಲಿ ಕಸುವಿರ್ಲಿಲ್ಲ, ಅದಕ್ಕೇ ಗಾಯ ಮಾಯ್ಲಿಲ್ಲ. ನಮ್ಮ ಬದುವಿಂದು ತಗೊಂಡ್ಬಾ."

ಇನ್ನು ತಡೆಯಲಾಗಲಿಲ್ಲ. "ಅಣ್ಣಾ, ಅವತ್ತು ತಂದಿದ್ದು ಬದುವಿಂದೇ. ಮೋರಿ ನೀರಲ್ಲಿ ಬೆಳ್ದಿತ್ತು. ನಂಗೆ ಗೊತ್ತಿದ್ದೂ ತಂದೆ."

ಅವನು ಬೈಯಲಿ ಅಂತ ಕಾದೆ. ಅವನು ತನ್ನ ಮೋಟುಗಾಲನ್ನು ನೋಡಿದ. ಆ ಬದು ಕಟ್ಟುವಾಗ ಅಪ್ಪನ ಜೊತೆ ಮಣ್ಣು ಹೊತ್ತವನು, ಇದೇ ಕಾಲಲ್ಲಿ ತುಳಿದು ಗಟ್ಟಿ ಮಾಡಿದವನು ಅವನು.

ಆಮೇಲೆ ಕೇಳಿದ: "ಚೆನ್ನಾಗಿ ಬೆಳ್ದಿತ್ತಾ?"

"ಹೂಂ ಅಣ್ಣ," ಅಂದೆ. "ತುಂಬಾ ಚೆನ್ನಾಗಿ ಬೆಳ್ದಿತ್ತು."