ನಿಂತ ಮಗ್ಗದ ದೃಶ್ಯ

ಕೊಲ್ಲಾಪುರದ ಎಂ.ಬಿ.ಎ. ತರಗತಿಯಲ್ಲಿ ನಮ್ಮ ತಂಡಕ್ಕೆ ಬಂದ ವಿಷಯ, ಒಬ್ಬ ಕೆಲಸಗಾರನಿಗೆ ಒಬ್ಬನೇ ಮೇಲಿನವನಿರಬೇಕು ಎಂಬ ತತ್ವ. ಅದನ್ನು ಮಾಕ್ಯುಮೆಂಟರಿಯಾಗಿ, ಅಂದರೆ ಸಾಕ್ಷ್ಯಚಿತ್ರದ ವೇಷ ಹಾಕಿದ ಗೇಲಿಯಾಗಿ ತೋರಿಸಬೇಕಿತ್ತು. ಸ್ಕ್ರಿಪ್ಟ್ ನಾನೇ ಬರೆಯುತ್ತೇನೆಂದು ಕೈ ಎತ್ತಿದೆ. ಅದರಲ್ಲಿ ನನ್ನ ಸ್ವಾರ್ಥವೂ ಇತ್ತು. ಇಚಲಕರಂಜಿಯ ನಮ್ಮ ಪವರ್‌ಲೂಮ್ ಶೆಡ್ಡಿಗೆ ದೊಡ್ಡಪ್ಪ, ಅಪ್ಪ, ಕಾಕಾ ಮೂವರೂ ಯಜಮಾನರು. ಓದು ಮುಗಿದರೆ ನಾನು ಸೇರಬೇಕಾದದ್ದೂ ಅಲ್ಲಿಗೇ. ಈ ಚಿತ್ರ ನೋಡಿ ಮೂವರೂ ಒಮ್ಮೆ ನಕ್ಕುಬಿಟ್ಟರೆ, ನಾನು ಯಾರ ಮಾತು ಕೇಳಬೇಕೆಂದು ಮೊದಲೇ ತೀರ್ಮಾನ ಮಾಡಿಯಾರು ಎಂಬ ಆಸೆ.

ಇಂಥ ಚಿತ್ರದಲ್ಲಿ ನಟಿಸುವವರು ನಗಬಾರದು, ನೋಡುವವರು ನಗಬೇಕು. ಯಜಮಾನರು ಕ್ಯಾಮೆರಾದ ಮುಂದೆ ಗಂಭೀರವಾಗಿ, "ನಮ್ಮಲ್ಲೆ ಗೊಂದಲಾ ಅನ್ನೂದ ಇಲ್ರಿ" ಅನ್ನುತ್ತಾರೆ. ಮರುಕ್ಷಣವೇ ನಿಂತ ಮಗ್ಗ, ಅದರ ಮುಂದೆ ಮೂರು ಆದೇಶ ಹೊತ್ತು ಕಂಗಾಲಾದ ಕೆಲಸಗಾರ. ಕೆಲಸಗಾರನ ಪಾತ್ರಕ್ಕೆ ಗಡಹಿಂಗ್ಲಜದ ಗೆಳೆಯನಿದ್ದ. ಯಜಮಾನರ ಪಾತ್ರಕ್ಕೆ ನಮ್ಮ ಮನೆಯ ಮೂವರೇ ಸಿದ್ಧರಾದರು. ಆದರೆ ಮೊದಲು ಸ್ಕ್ರಿಪ್ಟ್ ಓದಿ ಹೇಳು ಅಂದರು.

ನಮ್ಮ ಮನೆಯಲ್ಲಿ ಏನೇ ಕೇಳುವುದಿದ್ದರೂ ಮೂವರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಮೂವರನ್ನೂ ಕೂಡಿಸಿ ಕೇಳಿದರೆ ಹಿರಿಯರಿಗೆ ಅವಮಾನ.

ದೊಡ್ಡಪ್ಪ ಕಣ್ಣು ಮುಚ್ಚಿ ಕೇಳಿದರು. "ಎಲ್ಲಾ ಛಂದ ಐತಿ. ಖರೆ, ನಿಂತ ಮಗ್ಗಾ ತೋರಿಸಬ್ಯಾಡ. ಅಪಶಕುನ."

"ದೊಡ್ಡಪ್ಪಾ, ಅದನ್ನ ತೆಗದ್ರ ನಗಿನ ಬರೂದಿಲ್ರಿ."

"ಮಗ್ಗಾ ನಿಂತ್ರ ನಗೂದೇನೈತಿ?"

ಅಪ್ಪನ ಹತ್ತಿರ ಓಡಿದೆ. "ಅಣ್ಣಾ ಬ್ಯಾಡ ಅಂದಮ್ಯಾಗ ಮುಗೀತು. ಕೆಲಸದ ಹುಡುಗಾ ಮಾರಿ ಸಣ್ಣ ಮಾಡ್ಕೊಂಡ ನಿಂದ್ರೂದೂ ಬ್ಯಾಡ, ಅದನ್ನೂ ತೆಗಿ" ಅಂದ. ಕಾಕಾ, ಆ ಜಾಗದಲ್ಲಿ ಎಲ್ಲ ಮಗ್ಗಗಳೂ ಓಡುವುದನ್ನು ಹಾಕಲು ಹೇಳಿದ. ನನಗೆ ಅಳುವೇ ಬಂತು. ಶೆಡ್ಡು ಅವರದು, ಮುಖ ಅವರದು. ಕತ್ತರಿ ಮಾತ್ರ ನನ್ನ ಕೈಯಲ್ಲಿ.

ತರಗತಿಯಲ್ಲಿ ಪರದೆಯ ಮೇಲೆ ಯಜಮಾನರು ಗೊಂದಲವಿಲ್ಲ ಅಂದರು, ಮಗ್ಗಗಳು ಸರಾಗ ಓಡಿದವು. ಒಬ್ಬರೂ ನಗಲಿಲ್ಲ. ಪ್ರಾಧ್ಯಾಪಕರು ಮರಾಠಿಯಲ್ಲಿ, ಜಾಹೀರಾತು ಚೆನ್ನಾಗಿದೆ, ವಿಡಂಬನೆ ಎಲ್ಲಿದೆ ಎಂದು ಕೇಳಿದರು. ಗೆಳೆಯ ನನ್ನ ಮುಖ ನೋಡಿದ. ನಾನು ಪೆನ್‌ಡ್ರೈವ್ ಕಿತ್ತುಕೊಂಡೆ.

ಮನೆಯಲ್ಲಿ ಮೂವರೂ ಊಟ ಮಾಡುತ್ತ ಅದನ್ನೇ ಟಿವಿಗೆ ಹಾಕಿಸಿಕೊಂಡು ನೋಡಿದರು. ಮೂವರ ಕಣ್ಣಲ್ಲೂ ಹೆಮ್ಮೆ. ಆ ಹೆಮ್ಮೆ ಕಂಡು ನನ್ನ ಸಿಟ್ಟೂ ಕೈಕೊಟ್ಟಿತು.

"ಪರೀಕ್ಷಾ ಮುಗದ ಕೂಡ್ಲೆ ನೂಲಿನ ಖರೀದಿ ನೀನ ನೋಡ್ಕೊ" ಅಂದರು ದೊಡ್ಡಪ್ಪ.

ಅವರು ಕೈ ತೊಳೆಯಲು ಎದ್ದಾಗ ಅಪ್ಪ ಮೆಲ್ಲಗೆ, "ಮೊದಲ ಶೆಡ್ಡಿನ್ಯಾಗ ನಿಂದ್ರು, ಖರೀದಿ ಆಮ್ಯಾಗ" ಅಂದ. ಕಾಕಾ ಬಾಗಿಲ ತನಕ ಕರೆದುಕೊಂಡು ಹೋಗಿ, "ನೀ ನೇಯ್ದ ಅರಿವಿ ಮಾರಾಟಕ್ಕ ನನ್ನ ಕೂಡ ಬಾ, ಅವರಿಗೆ ನಾ ಹೇಳ್ತೇನಿ" ಅಂದ.

ಮೂವರಿಗೂ ಹೂಂ ಅಂದೆ.