ಉಬ್ಬೆಗೆ ಹಾಕಿದ ಸ್ವೆಟರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸ್ವೆಟರಿನ ಬಣ್ಣ ಕಡುನೀಲಿ ಎಂದು ನಾನು ಹೇಳುತ್ತೇನೆ; ನನ್ನ ಅತ್ತಿಗೆ ಹಸಿರು ಎನ್ನುತ್ತಾರೆ. ಆ ವರ್ಷದ ನನ್ನ ದಿನಚರಿಯಲ್ಲಿ ಬಣ್ಣದ ಮಾತೇ ಇಲ್ಲ. ಒಂದು ಸೋಮವಾರದ ಹಾಳೆಯಲ್ಲಿ ‘ಸ್ವೆಟರು ಒಗೆದೆ’ ಎಂದಷ್ಟೇ ಇದೆ. ಆಮೇಲೆ ಒಂದು ವಾರ ಏನೂ ಬರೆದಿಲ್ಲ. ಆ ಖಾಲಿ ಹಾಳೆಗಳನ್ನು ಈಗ ತುಂಬುತ್ತಿದ್ದೇನೆ. ಎಷ್ಟು ನೆನಪು, ಎಷ್ಟು ಕಟ್ಟಿಕೊಂಡದ್ದು, ನನಗೇ ಖಾತ್ರಿಯಿಲ್ಲ.

ನೆನಪು ಬಂದದ್ದು ವಾಸನೆಯಿಂದ. ಹೋದ ತಿಂಗಳು ಕಂಪ್ಲಿಯಿಂದ ಹೊಸಪೇಟೆಗೆ ಬಸ್ಸಿನಲ್ಲಿ ಬರುತ್ತಿದ್ದೆ. ಜೋರು ಮಳೆ. ದಾರಿಯಲ್ಲಿ ಒಬ್ಬ ಕುರಿಗಾರ ತೊಯ್ದ ಕಂಬಳಿ ಹೊದ್ದುಕೊಂಡು ಹತ್ತಿ ನನ್ನ ಪಕ್ಕದ ಸೀಟಿನಲ್ಲಿ ಕೂತ. ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. “ನೀರು ಹತ್ತತಾವೇನ್ರಿ ತಾಯಿ? ಆ ಕಡೆ ಸರೀಲೇನು?” ಎಂದು ಅವನು ಕೇಳಿದ. ಬೇಡ ಎಂದು ಕೈಯಾಡಿಸಿದೆ. ಅಷ್ಟರಲ್ಲಿ ನಾನು ಬಸ್ಸಿನಲ್ಲಿರಲಿಲ್ಲ. ಉತ್ತರ ಇಂಗ್ಲೆಂಡಿನ ಒಂದು ಮನೆಯ ಹಿಂಬದಿಯಲ್ಲಿ, ಕೈಯಲ್ಲಿ ಒಂದು ಒದ್ದೆ ಮುದ್ದೆ ಹಿಡಿದು ನಿಂತಿದ್ದೆ.

ಹೊಸಪೇಟೆಯ ಮಿಶನ್ ಶಾಲೆಯಲ್ಲಿ ನಮಗೆ ಹೊಲಿಗೆ, ಹೆಣಿಗೆ ಕಲಿಸುತ್ತಿದ್ದ ಟೀಚರಮ್ಮ ಸಂಡೂರಿನ ಕಡೆಯವರು. ಒಂಟಿ ಹೆಂಗಸು. ನಮ್ಮ ಮನೆಯ ಸಾಲಿನ ತುದಿಯಲ್ಲಿ ಒಂದು ಕೋಣೆಯಲ್ಲಿ ಇದ್ದರು. ಶಾಲೆ ಬಿಟ್ಟ ಮೇಲೂ ನಾನು ಅವರ ಬಳಿ ಹೋಗುತ್ತಿದ್ದೆ. ಮದ್ರಾಸಿನಲ್ಲಿ ಬಿ.ಎ. ಮುಗಿಸಿ, ಶಿಕ್ಷಣಶಾಸ್ತ್ರ ಓದಲು ಇಂಗ್ಲೆಂಡಿಗೆ ಹೊರಡುವುದು ಗೊತ್ತಾದಾಗ, ಮನೆಯವರಿಗಿಂತ ಮೊದಲು ಅವರಿಗೇ ಹೇಳಿದೆನೆಂದು ನನ್ನ ನೆನಪು.

ಆಗಲೇ ಅವರ ಎಡಗಣ್ಣು ಮಂಜಾಗಿತ್ತು. ಬಲಗಣ್ಣನ್ನಾದರೂ ಉಳಿಸಿಕೊಳ್ಳಬೇಕಾದರೆ ಹೊಲಿಗೆಯ ಸೂಜಿ, ಹೆಣಿಗೆಯ ಕಡ್ಡಿ ಮುಟ್ಟಬಾರದೆಂದು ಬಳ್ಳಾರಿಯ ಡಾಕ್ಟರು ಹೇಳಿದ್ದರು. ಆದರೂ ಬಳ್ಳಾರಿಯ ದಂಡಿನ ಕಡೆಯ ಅಂಗಡಿಯಿಂದ ಉಣ್ಣೆಯ ದಾರ ತರಿಸಿ, ನನ್ನನ್ನು ನಿಲ್ಲಿಸಿ, ಗೇಣು ಹಾಕಿ ಅಳತೆ ತೆಗೆದರು.

“ಕೈ ಚಾಚು. ಹಂಗ ನಿಂದ್ರು. ಕೊಕ್ಕರಿ ನಿಂತಂಗ ನಿಂತೀ ನೋಡು.”

“ಡಾಕ್ಟರು ಬ್ಯಾಡ ಅಂದಾರಲ್ರಿ?”

“ಇದೊಂದು ಆಗಲಿ. ಇದಾದ ಮ್ಯಾಲೆ ಕಡ್ಡಿ ಒಲಿಗೆ ಹಾಕತೀನಿ. ಅಲ್ಲೀ ಚಳಿ ನಮ್ಮ ಸಂಡೂರು ಗುಡ್ಡದ ಚಳಿ ಅಲ್ಲವ್ವ. ಎಲುಬಿಗೆ ಇಳೀತೈತಂತ.”

ಎರಡು ತಿಂಗಳು ಹೆಣೆದರು. ತಂದುಕೊಟ್ಟ ದಿನ ನಮ್ಮ ಅಜ್ಜಿ ಪಡಸಾಲೆಯಲ್ಲಿದ್ದರು. ಟೀಚರಮ್ಮ ಬಾಗಿಲಲ್ಲೇ ನಿಂತು, “ಒಗಿಯೂ ಮುಂದ…” ಎಂದು ಏನೋ ಶುರುಮಾಡಿದರು. ಅಜ್ಜಿ ಮಾತು ತುಂಡರಿಸಿ, “ಉಣ್ಣಿಗೆ ಮೈಲಿಗಿ ಎಲ್ಲೀದೇ ತಾಯಿ? ಒಗಿಯೋದ್ಯಾಕ?” ಎಂದು ನಕ್ಕರು. ನಮ್ಮದು ಮಡಿಯ ಮನೆ. ಅಜ್ಜಿಯ ಮಡಿಯ ಧಾಬಳಿ ಉಣ್ಣೆಯದು. ಅದು ಗಳುವಿನ ಮೇಲೆ ವರ್ಷಗಟ್ಟಲೆ ನೀರು ಕಾಣದೆ ಇರುತ್ತಿತ್ತು. ಟೀಚರಮ್ಮ ಸ್ವೆಟರನ್ನು ನನ್ನ ಕೈಗಿಟ್ಟು ಹೊರಟರು, ಸಾಲಿನ ತುದಿಯವರೆಗೆ ನಾನೂ ಹೋದೆ. ಅವರು ಮುಂದೆ ಏನು ಹೇಳಲಿದ್ದರು? ಅಥವಾ ಆಮೇಲೆ ದಾರಿಯಲ್ಲಿ ಹೇಳಿದರೋ, ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲವೋ… ಇದನ್ನು ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ.

ಇಂಗ್ಲೆಂಡಿನಲ್ಲಿ ಆ ಸ್ವೆಟರನ್ನು ದಿನವೂ ತೊಟ್ಟೆ. ಸೀರೆಯ ಮೇಲೆ, ಕೋಟಿನ ಒಳಗೆ, ರಾತ್ರಿ ಹಾಸಿಗೆಯಲ್ಲೂ. ಏಳೆಂಟು ವಾರವಾಗಿರಬೇಕು. ಉಣ್ಣೆಗೆ ಮೈಲಿಗೆಯಿಲ್ಲ ಎಂಬ ಮಾತನ್ನು ನಾನು ಬಿ.ಎ. ಓದಿಯೂ ನಂಬಿದ್ದೆ. ಒಂದು ಬೆಳಿಗ್ಗೆ ನಾನು ಬಾಡಿಗೆಗಿದ್ದ ಮನೆಯ ಒಡತಿ, ಮೃದುವಾದ ಮುದುಕಿ, ಚಹಾ ಸುರಿಯುತ್ತಾ, “ಮಗು, ನಿನ್ನ ಉಣ್ಣೆಯಂಗಿಯನ್ನು ಒಮ್ಮೆ ನೀರಿಗೆ ತೋರಿಸಿದರೆ ಒಳ್ಳೆಯದು” ಎಂದರು. ಮೇಜಿನ ಆ ತುದಿಯಲ್ಲಿದ್ದ, ಆ ಮನೆಯಲ್ಲೇ ಬಾಡಿಗೆಗಿದ್ದ ಇನ್ನೊಬ್ಬ ಹುಡುಗಿ ತಲೆ ತಗ್ಗಿಸಿದಳು. ಕತ್ತಿನ ಪಟ್ಟಿ ಕಲ್ಲಿದ್ದಲ ಮಸಿಯಿಂದ ಕಪ್ಪಾಗಿತ್ತು. ನನ್ನ ಮೈಯ ವಾಸನೆ ಎಲ್ಲರಿಗೂ ಬರುತ್ತಿತ್ತು, ನನಗೊಬ್ಬಳಿಗೆ ಬರುತ್ತಿರಲಿಲ್ಲ.

ನಾನು ಅದುವರೆಗೆ ಉಟ್ಟ ಸೀರೆಯನ್ನು ಬಾವಿಕಟ್ಟೆಯಲ್ಲಿ ಜಾಲಿಸಿ ಹರವಿದ್ದು ಬಿಟ್ಟರೆ ಬಟ್ಟೆ ಒಗೆದವಳಲ್ಲ. ಒಗೆತವೆಂದರೆ ನನಗೆ ಗೊತ್ತಿದ್ದದ್ದು ಅಗಸರ ಅಕ್ಕ ಕಾಲುವೆಯ ದಂಡೆಯಲ್ಲಿ ಮಾಡುತ್ತಿದ್ದದ್ದು: ಬಟ್ಟೆಯನ್ನು ಸೌಳುಮಣ್ಣಿನಲ್ಲಿ ನೆನೆಸಿ, ದೊಡ್ಡ ಮಡಕೆಯಲ್ಲಿ ಒಟ್ಟಿ ಹಬೆಯಲ್ಲಿ ಬೇಯಿಸುವ ಉಬ್ಬೆಗೆ ಹಾಕಿ, ಆಮೇಲೆ ಬಂಡೆಗೆ ಎತ್ತಿ ಎತ್ತಿ ಬಡಿಯುವುದು. ಹತ್ತಿ ಬಟ್ಟೆ ಇದರಿಂದ ಹಾಲಿನಂತೆ ಬೆಳ್ಳಗಾಗುತ್ತಿತ್ತು. ಅದೇ ಸರಿಯಾದ ಒಗೆತವೆಂದುಕೊಂಡೆ.

ಸೋಮವಾರ ಆ ಮನೆಯ ಒಗೆತದ ದಿನ. ಹಿಂಬದಿಯ ಕೋಣೆಯಲ್ಲಿ ಒಲೆಯ ಮೇಲೆ ಕಟ್ಟಿ ಕೂರಿಸಿದ ತಾಮ್ರದ ಹಂಡೆಯಲ್ಲಿ ಹಾಸಿಗೆಬಟ್ಟೆಗಳನ್ನು ಕುದಿಸಿ ತೆಗೆದಿದ್ದರು. ಒಡತಿ ಅಂಗಡಿಗೆ ಹೋಗಿದ್ದರು. ನೀರು ಇನ್ನೂ ಕುದಿಯುತ್ತಿತ್ತು. ಎರಡು ಹಿಡಿ ಒಗೆಯುವ ಸೋಡಾ ಹಾಕಿ ಸ್ವೆಟರನ್ನು ಅದರಲ್ಲಿ ಮುಳುಗಿಸಿ, ಕೋಲಿನಿಂದ ತಿರುವಿದೆ. ಅರ್ಧ ಗಂಟೆ ಇರಬಹುದು. ಹೊರತೆಗೆದು ಕಲ್ಲಿನ ತೊಟ್ಟಿಯ ಅಂಚಿಗೆ ಬಡಿದೆ. ಕೈ ಸುಡುತ್ತಿದ್ದರೂ ಬಿಡಲಿಲ್ಲ. ಕೊಳೆ ಹೋಗುವುದು ಕಾಣುತ್ತಿತ್ತು. ಒಂದು ಗಳಿಗೆ ಹೆಮ್ಮೆಯೂ ಆಯಿತು. ಕೊನೆಗೆ ಹಿಮದಷ್ಟು ತಣ್ಣಗಿದ್ದ ನಲ್ಲಿಯ ನೀರಿಗೆ ಎಸೆದು, ತಿರುಚಿ ಹಿಂಡಿದೆ.

ಬಿಡಿಸಿ ಹಿಡಿದಾಗ ಅದು ಆರು ವರ್ಷದ ಮಗುವಿನ ಅಂಗಿಯಾಗಿತ್ತು.

ಹೆಣಿಗೆಯ ಕಣ್ಣುಗಳು ಕಾಣದಂತೆ ಮುಚ್ಚಿಹೋಗಿದ್ದವು. ಕಂಬಳಿಯ ತುಂಡಿನಂತೆ ದಪ್ಪ, ಗಡಸು. ತಲೆ ತೂರಿಸಿ ನೋಡಿದೆ. ಕುತ್ತಿಗೆಯಲ್ಲಿ ಸಿಕ್ಕಿತು, ಉಸಿರು ಕಟ್ಟಿತು. ಹಾಗೆಯೇ ತೊಟ್ಟಿಯ ಪಕ್ಕ ಕುಸಿದು ಕೂತೆ. ಟೀಚರಮ್ಮನ ಉಳಿದ ಒಂದು ಕಣ್ಣಿನ ಬೆಳಕು ಅದರಲ್ಲಿ ಸವೆದಿತ್ತು, ನನಗೆ ಗೊತ್ತಿತ್ತು…

ಅಂಗಡಿಯಿಂದ ಬಂದ ಒಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಣ್ಣೆಯೆಂದರೆ ಕೂದಲು, ಆ ಕೂದಲಿಗೆ ಮೀನಿನ ಮೈಯಂತೆ ಸಣ್ಣ ಹುರುಪೆಗಳಿರುತ್ತವೆ ಎಂದರು. ಬಿಸಿನೀರಿಗೆ ಸೋಡಾ ಸೇರಿದರೆ ಹುರುಪೆಗಳು ಬಾಯಿಬಿಡುತ್ತವೆ. ಬಡಿದಾಗ, ಉಜ್ಜಿದಾಗ ಎಳೆಗಳು ಒಂದರೊಳಗೊಂದು ತೂರಿ ಕೊಂಡಿ ಹಾಕಿಕೊಳ್ಳುತ್ತವೆ. ಒಮ್ಮೆ ಹಾಗಾದದ್ದನ್ನು ಯಾರೂ ಬಿಡಿಸಲಾರರು. ಆಮೇಲೆ ತಮ್ಮದೇ ಒಂದು ಸ್ವೆಟರನ್ನು ತಂದು ನನ್ನ ಮುಂದೆ ಒಗೆದು ತೋರಿಸಿದರು. ಮೊದಲು ಕಾಗದದ ಮೇಲೆ ಹರಡಿ ಅಂಚಿನ ಸುತ್ತ ಪೆನ್ಸಿಲ್ ಗೀರಿದರು. ಕೂಸಿನ ಸ್ನಾನದ ನೀರಿನಂತೆ ಮೊಣಕೈ ಅದ್ದಿ ಉಗುರುಬೆಚ್ಚಗಿದೆಯೇ ನೋಡಿದರು. ಸಾಬೂನಿನ ಚಕ್ಕೆಯನ್ನು ಪೂರ್ತಿ ಕರಗಿಸಿ, ಉಜ್ಜದೆ, ಹಿಂಡದೆ, ಅಂಗೈಯಿಂದ ಒತ್ತಿ ಒತ್ತಿ ಬಿಟ್ಟರು. ತೊಳೆಯುವ ನೀರೂ ಅಷ್ಟೇ ಬೆಚ್ಚಗಿರಬೇಕು. ತೆಗೆಯುವಾಗ ಭುಜ ಹಿಡಿದು ಎತ್ತಿದರೆ ನೀರಿನ ಭಾರಕ್ಕೆ ಜೋತುಬೀಳುತ್ತದೆಂದು ಎರಡೂ ಕೈಯಿಂದ ಬಾಚಿ ತೆಗೆದು, ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿದರು. ಪೆನ್ಸಿಲ್ ಗೀರಿಗೆ ಸರಿಯಾಗಿ ಅಂಚು ಕೂರಿಸಿ, ಬೆಂಕಿಯಿಂದ ದೂರ, ನೆಲದ ಮೇಲೆ ಒಣಗಲು ಬಿಟ್ಟರು. ಎಲ್ಲ ಸೇರಿ ಕಾಲು ಗಂಟೆ ಹಿಡಿಯಲಿಲ್ಲ.

ಅದನ್ನು ನೋಡಿಯೂ, ನನ್ನದನ್ನು ಇನ್ನು ಬಿಡಿಸಲಾಗದು ಎಂಬುದನ್ನು ನಾನು ಒಪ್ಪಲಿಲ್ಲ. ಆ ವಾರವೆಲ್ಲಾ ನನ್ನದನ್ನು ಸಾಬೂನಿನ ಬೆಚ್ಚನೆಯ ನೀರಿನಲ್ಲಿ ನೆನೆಸಿ, ಎಳೆದು, ಹಲಗೆಗೆ ಗುಂಡುಸೂಜಿ ಚುಚ್ಚಿ ಹಿಗ್ಗಿಸಿ ಇಟ್ಟೆ. ಕ್ಲಾಸಿಗೆ ಹೋಗಲಿಲ್ಲ. ಸಂಜೆಗೆ ಒಂದು ಬೆರಳು ಅಗಲವಾದಂತೆ ಕಾಣುತ್ತಿತ್ತು. ಸೂಜಿ ತೆಗೆದರೆ ಮತ್ತೆ ಮುದುಡುತ್ತಿತ್ತು. ಉಗುರಿನ ಸಂದಿಯಲ್ಲಿ ರಕ್ತ ಬಂದಿತ್ತು. ಕೊನೆಗೆ ಒಡತಿ ಕತ್ತರಿ ಕೊಟ್ಟು, ಹೀಗೆ ಗಟ್ಟಿಯಾದ ಉಣ್ಣೆ ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ, ಎದೆಗಾದರೂ ಒಂದು ಪಟ್ಟಿ ಮಾಡಿಕೋ ಎಂದರು. ನನ್ನಿಂದಾಗಲಿಲ್ಲ. ಅವರೇ ಕತ್ತರಿಸಿದರು. ನಾನು ಗೋಡೆಯ ಕಡೆ ತಿರುಗಿದ್ದೆ.

ಅದೇ ವಾರ ಟೀಚರಮ್ಮನಿಗೆ ಕಾಗದ ಬರೆದೆ. ಅವರಿಗೆ ಓದಲಾಗುತ್ತಿರಲಿಲ್ಲ, ನಮ್ಮಣ್ಣನ ಹೆಂಡತಿ, ನನ್ನ ಅತ್ತಿಗೆ, ಓದಿ ಹೇಳುತ್ತಿದ್ದರು. ‘ಸ್ವೆಟರನ್ನು ದಿನಾ ತೊಡುತ್ತೇನೆ. ಇಲ್ಲಿ ಎಲ್ಲರೂ ಹೊಗಳುತ್ತಾರೆ. ಅದಿಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ’ ಎಂದು ಬರೆದೆ. ನೋಯಿಸಬಾರದೆಂದು ಹಾಗೆ ಬರೆದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆಯಿಂದ ಬರೆದದ್ದು.

ಸಂಕ್ರಾಂತಿ ಕಳೆದ ಮೇಲೆ ಅತ್ತಿಗೆಯ ಉತ್ತರ ಬಂತು. ಕಾಗದದಲ್ಲೂ ಆಕೆ ಮಾತಾಡಿದಂತೆಯೇ ಬರೆಯುತ್ತಿದ್ದರು. ‘ನಿನ್ನ ಕಾಗದ ಕೇಳಿ ಟೀಚರಮ್ಮಗ ಭಾಳ ಖುಷಿ ಆತು. ಮೂರು ಸಲ ಓದಿಸಿದ್ರು. ಅದೊಂದ ಇದ್ರ ಒಗಿಯೋ ದಿನ ಹುಡುಗಿ ಏನು ಹಾಕ್ಕೋಬೇಕು ಅಂತ ಇನ್ನೊಂದು ಶುರು ಮಾಡ್ಯಾರ. ಕಣ್ಣಾಗ ನೀರು ಸುರೀತಾವ. ನಾ ಬ್ಯಾಡ ಅಂದ್ರ ಕೇಳವೊಲ್ಲರು. ನೀನರ ಹೇಳು.’

ಆ ಗಳಿಗೆಯಲ್ಲಿ ಟೀಚರಮ್ಮನ ಕೈಯಲ್ಲಿ ಕಡ್ಡಿಗಳು ಆಡುತ್ತಿರಬಹುದು, ನಾನು ಬರೆದದ್ದು ಮುಟ್ಟಲು ಮೂರು ವಾರ ಬೇಕು. ಕೂತಲ್ಲೇ ಎಲ್ಲವನ್ನೂ ಬರೆದೆ. ಕುದಿಯುವ ಹಂಡೆ, ಸೋಡಾ, ಬಡಿದದ್ದು, ಕತ್ತರಿಸಿದ್ದು, ಸುಳ್ಳು ಬರೆದದ್ದು. ‘ನಿಮ್ಮ ಕೈಯ ಕೆಲಸಕ್ಕೆ ನಾನು ಯೋಗ್ಯಳಲ್ಲ. ದಯವಿಟ್ಟು ನಿಲ್ಲಿಸಿ. ನೀವು ಹೆಣೆದು ಕಳಿಸಿದರೂ ನಾನು ತೊಡುವುದಿಲ್ಲ.’ ಅಷ್ಟು ಕಟುವಾಗಿ ಬರೆದರೆ ನಿಲ್ಲಿಸಿಯಾರು ಎಂದುಕೊಂಡೆ. ಆ ಚಳಿಗಾಲವೆಲ್ಲಾ ಎದೆಗೆ ಆ ಪಟ್ಟಿ ಕಟ್ಟಿಕೊಂಡು ಅಂಚೆಯವನ ದಾರಿ ಕಾದೆ.

ಉತ್ತರ ಬಂದದ್ದು ಏಪ್ರಿಲಿನಲ್ಲಿರಬೇಕು. ಮನೆಯ ಸುದ್ದಿ ಎರಡು ಪುಟ, ಕಡೆಗೆ ಒಂದು ಸಾಲು: ‘ಟೀಚರಮ್ಮ ಕೇಳ್ಯಾರ, ಬೆಚ್ಚಗ ಐತೇನು ಅಂತ.’ ಹೆಣಿಗೆ ನಿಂತಿತೋ ಇಲ್ಲವೋ, ಒಂದು ಮಾತಿಲ್ಲ. ಕೇಳಿ ಬರೆದೆ, ಅತ್ತಿಗೆ ಬೇರೆ ಸುದ್ದಿ ಬರೆದರು. ಆ ಬೇಸಿಗೆಯಲ್ಲಿ ಟೀಚರಮ್ಮನ ಬಲಗಣ್ಣೂ ಹೋಯಿತು. ಮರುವರ್ಷ ಊರಿಗೆ ಮರಳಲು ನಾನು ಹಡಗು ಹತ್ತುವ ಮೊದಲೇ ಅವರು ತೀರಿಕೊಂಡರು.

ನನ್ನ ಎರಡನೇ ಕಾಗದ ಓದಿಸಿಕೊಂಡ ಮೇಲೂ ಟೀಚರಮ್ಮ ‘ಬೆಚ್ಚಗ ಐತೇನು’ ಎಂದಿದ್ದರೆ ಅದು ಕ್ಷಮೆ. ಆ ಕಾಗದ ಅವರ ಕಿವಿಗೇ ಬೀಳದೆ ಹಾಗೆಂದಿದ್ದರೆ, ನನ್ನ ಸುಳ್ಳನ್ನು ನಂಬಿ, ಕಣ್ಣು ಆರುವವರೆಗೂ ಹೆಣೆದರೆಂದು ಅರ್ಥ. ಇದನ್ನು ಬಲ್ಲವರು ಕಾಗದ ಓದಿ ಹೇಳುತ್ತಿದ್ದ ಅತ್ತಿಗೆ ಒಬ್ಬರೇ. ಇಷ್ಟು ವರ್ಷ ಅವರನ್ನು ಕೇಳುವ ಧೈರ್ಯ ನನಗೆ ಬಂದಿರಲಿಲ್ಲ. ಟೀಚರಮ್ಮನ ಕೋಣೆ ಇದ್ದ ಜಾಗದಲ್ಲಿ ಈಗ ಸೈಕಲ್ ಅಂಗಡಿ ಇದೆ. ಅವರನ್ನು ಕಂಡ ನೆನಪು ಆ ಬೀದಿಯಲ್ಲಿ ಯಾರಿಗೂ ಉಳಿದಿಲ್ಲ.

ಹೋದ ತಿಂಗಳು ಆ ಬಸ್ಸಿಳಿದು ನೇರ ಮನೆಗೆ ಹೋದೆ. ಅತ್ತಿಗೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. “ತೊಯ್ಸಿಕೊಂಡು ಬಂದೀಯಲ್ಲ, ತಲಿ ಒರಸಿಕೋ” ಎಂದರು. ಒರಸಿಕೊಳ್ಳದೆ ಎದುರಿಗೆ ಕೂತೆ. ಕೇಳಿದೆ. ಅವರ ಬೆರಳು ಅಕ್ಕಿಯಲ್ಲಿ ನಿಂತವು. ತಲೆಯೆತ್ತಲಿಲ್ಲ. ಆಮೇಲೆ ಅವರು ಮೊರ ಎತ್ತಿಕೊಂಡು ಒಳಗೆ ಹೋದರು. ಈ ಸಾಲು ಬರೆಯುವವರೆಗೂ ಇಬ್ಬರೂ ಆ ಮಾತು ಎತ್ತಿಲ್ಲ.

ನಾನು ಕೇಳಿದ್ದು ಇಷ್ಟೇ: “ಅತ್ತಿಗೀ, ಆ ಎರಡನೇ ಕಾಗದ ಟೀಚರಮ್ಮಗ ಓದಿ ಹೇಳಿದ್ರೇನು?”